ಹೊಸದಾಗಿ ಸೇರಿದೋರಿಗೆ: ಪಿಎಫ್, ಇನ್ಶೂರೆನ್ಸ್ ಪ್ರಶ್ನೋತ್ತರ (ಮಾಚೇನಹಳ್ಳಿ ಯೂನಿಟ್)

ಪ್ರ: ಸಂಬಳದಲ್ಲಿ ಪಿಎಫ್ ಎಷ್ಟು ಕಟ್ ಆಗತ್ತೆ?
ಉ: ಬೇಸಿಕ್ ಮತ್ತು ಡಿಎ ಸೇರಿ 12%. ಅದು 15,000 ಇದ್ರೆ ನಿಮ್ದು 1,800, ಕಂಪನಿನೂ 1,800 ಹಾಕತ್ತೆ, ಆದ್ರೆ ಅದ್ರಲ್ಲಿ 1,250 ಪೆನ್ಷನ್‌ಗೆ ಹೋಗಿ 550 ಮಾತ್ರ ಪಿಎಫ್‌ಗೆ ಬರತ್ತೆ, ಪಾಸ್‌ಬುಕ್ ನೋಡಿ ದುಡ್ಡು ಕಮ್ಮಿ ಇದೆ ಅಂತ ಗಾಬರಿ ಆಗ್ಬೇಡಿ.

ಪ್ರ: ಹಳೇ ಕೆಲಸದ ಪಿಎಫ್ ತೆಗೀಲಾ?
ಉ: ದಯವಿಟ್ಟು ಬೇಡ. ಅದೇ 12 ಅಂಕಿ ಯುಎಎನ್ ಕೊಡಿ, ಟ್ರಾನ್ಸ್‌ಫರ್ ಮಾಡ್ಸಿ. ಒಟ್ಟು 5 ವರ್ಷ ಸರ್ವೀಸ್ ಆಗೋಕ್ ಮುಂಚೆ ತೆಗೆದ್ರೆ ಟ್ಯಾಕ್ಸ್ ಬೀಳಬಹುದು.

ಪ್ರ: ಇನ್ಶೂರೆನ್ಸ್ ಯಾರ್‍ಯಾರಿಗೆ?
ಉ: ನೀವು, ಗಂಡ ಅಥವಾ ಹೆಂಡ್ತಿ, ಎರಡು ಮಕ್ಳು, ಎಲ್ಲಾ ಸೇರಿ ವರ್ಷಕ್ಕೆ 3 ಲಕ್ಷ. ಅಪ್ಪ ಅಮ್ಮಂಗೆ ಪ್ರೀಮಿಯಂ ಬೇರೆ, ಸೇರಿದ 30 ದಿನದೊಳಗೆ ಹೆಸರು ಕೊಡಿ.

ಪ್ರ: ಕ್ಯಾಶ್‌ಲೆಸ್ ಎಲ್ಲಾ ಕಡೆ ನಡೆಯುತ್ತಾ?
ಉ: ಇಲ್ಲ, ನೆಟ್‌ವರ್ಕ್ ಆಸ್ಪತ್ರೇಲಿ ಮಾತ್ರ. ಮಳೆಗಾಲದ ರಾತ್ರಿ ಘಾಟಿ ಇಳಿದು ಮಣಿಪಾಲಕ್ಕೆ ಓಡೋ ಹೊತ್ತಲ್ಲಿ ಲಿಸ್ಟ್ ಹುಡುಕೋಕಾಗಲ್ಲ, ಶಿವಮೊಗ್ಗ, ಮಣಿಪಾಲ ಎರಡೂ ಕಡೆಯದು ಇವತ್ತೇ ನೋಡಿ ಇ-ಕಾರ್ಡ್ ಜೊತೆ ಮನೆಯವ್ರ ಫೋನಿಗೂ ಹಾಕಿ. ರೂಮ್ ಬಾಡಿಗೆ ದಿನಕ್ಕೆ 3,000 ದಾಟಿದ್ರೆ ಡಾಕ್ಟರ್ ಫೀಸೂ ಅದೇ ಲೆಕ್ಕದಲ್ಲಿ ಕಟ್ ಆಗತ್ತೆ, ಅಡ್ಮಿಟ್ ಆಗುವಾಗ್ಲೇ ಕೇಳಿ.

ಪ್ರ: ನಾಮಿನಿ?
ಉ: ಮದ್ವೆ ಆದ್ಮೇಲೆ ಪಿಎಫ್‌ಗೆ ಮತ್ತೆ ಹಾಕ್ಬೇಕು, ಹಳೇದು ನಡೆಯಲ್ಲ.