ಆಪರೇಷನ್ಸ್ ಕೋಆರ್ಡಿನೇಟರ್ ಕೆಲಸ: ಫೋನಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರ

ನಮಸ್ಕಾರ ಮೇಡಂ,

ಮಂಗಳವಾರ ಫೋನಲ್ಲಿ ನೀವು ಕೇಳಿದಿರಿ: "11 ವರ್ಷ ಗಣಿತ ಪಾಠ ಮಾಡಿದ್ದೀರಿ. ಆಪರೇಷನ್ಸ್ ಕೆಲಸಕ್ಕೆ ಅದು ಹೇಗೆ ಉಪಯೋಗ ಆಗುತ್ತೆ?" ಆಗ ನಾನು ತಾಳ್ಮೆ ಇದೆ, ಜನರ ಜೊತೆ ಚೆನ್ನಾಗಿ ಮಾತಾಡ್ತೀನಿ ಅಂತ ಹೇಳಿದೆ. ಅದು ನಿಜ. ಆದರೆ ಆ ಮಾತನ್ನು ಯಾರು ಬೇಕಾದರೂ ಹೇಳಬಹುದು, ಅಲ್ವಾ? ನಿಮ್ಮ ಪ್ರಶ್ನೆಗೆ ಅದು ಸರಿಯಾದ ಉತ್ತರ ಆಗಲಿಲ್ಲ ಅಂತ ಫೋನ್ ಇಟ್ಟ ಮೇಲೆ ಅನ್ನಿಸಿತು. ಅದಕ್ಕೇ ಈ ಪತ್ರ.

ನನ್ನ ರೆಸ್ಯೂಮೆಯಲ್ಲಿ "ಟೈಮ್‌ಟೇಬಲ್ ಮತ್ತು ಪರೀಕ್ಷಾ ಉಸ್ತುವಾರಿ, 5 ವರ್ಷ" ಅಂತ ಒಂದೇ ಸಾಲು ಇದೆ. ನೀವು ಕೇಳಿದ್ದಕ್ಕೆ ಉತ್ತರ ಜಾಸ್ತಿ ಆ ಸಾಲಿನಲ್ಲೇ ಇದೆ.

ನಮ್ಮಲ್ಲಿ 22 ಸೆಕ್ಷನ್, 34 ಜನ ಶಿಕ್ಷಕರು. ದಿನಕ್ಕೆ 8 ಪೀರಿಯಡ್, ವಾರಕ್ಕೆ 5 ದಿನ. ಅಂದರೆ ವಾರಕ್ಕೆ 880 ಪೀರಿಯಡ್. ಪ್ರತಿಯೊಂದಕ್ಕೂ ಒಬ್ಬರು ಶಿಕ್ಷಕರು, ಒಂದು ಕೊಠಡಿ ಬೇಕು. ಲ್ಯಾಬ್ ಒಂದೇ ಇದೆ, ಅದಕ್ಕೆ ಎರಡು ಪೀರಿಯಡ್ ಜೋಡಿಯಾಗಿಯೇ ಬರಬೇಕು. ಇಬ್ಬರು ಶಿಕ್ಷಕರು ಅರ್ಧ ದಿನ ಮಾತ್ರ ಇರುತ್ತಾರೆ. ಆಟದ ಮೈದಾನದಲ್ಲಿ ಏಕಕಾಲಕ್ಕೆ ಎರಡು ತರಗತಿಗಿಂತ ಹೆಚ್ಚು ಇಳಿಸಲು ಆಗುವುದಿಲ್ಲ. ಇಷ್ಟನ್ನೂ ಇಟ್ಟುಕೊಂಡು ವರ್ಷದ ಮೊದಲ ದಿನದ ಬೆಲ್ ಹೊಡೆಯುವ ಹೊತ್ತಿಗೆ ಎಲ್ಲ ಕೂಡಿ ಬಂದಿರಬೇಕು. ನಿಮ್ಮ ಜಾಹೀರಾತಿನಲ್ಲಿ "ಶಿಫ್ಟ್ ರೋಸ್ಟರ್ ತಯಾರಿ" ಅಂತ ಓದಿದಾಗ, ಇದು ನಾನು ಮಾಡುತ್ತಿರುವ ಕೆಲಸವೇ, ಹೆಸರು ಮಾತ್ರ ಬೇರೆ ಅನ್ನಿಸಿತು.

ನಾನು ವಹಿಸಿಕೊಂಡಾಗ ಇದನ್ನು ದೊಡ್ಡ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಒಬ್ಬರೇ ಶಿಕ್ಷಕರು ಒಂದೇ ಹೊತ್ತಿಗೆ ಎರಡು ಕಡೆ ಬಂದುಬಿಟ್ಟಿದ್ದು ಮೊದಲ ವಾರದಲ್ಲಿ, ತರಗತಿಯ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ನಾನು ಅದನ್ನು ಸ್ಪ್ರೆಡ್‌ಶೀಟ್‌ಗೆ ತಂದೆ. ಒಂದು ಪೀರಿಯಡ್‌ಗೆ ಒಂದು ಸಾಲು. ಬಿ ಕಾಲಂನಲ್ಲಿ ದಿನ, ಸಿ ಕಾಲಂನಲ್ಲಿ ಪೀರಿಯಡ್, ಡಿ ಕಾಲಂನಲ್ಲಿ ಶಿಕ್ಷಕರು. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಈ ಸೂತ್ರ:

```
=COUNTIFS($B$2:$B$881,$B2,$C$2:$C$881,$C2,$D$2:$D$881,$D2)>1
```

ಅದೇ ದಿನ, ಅದೇ ಪೀರಿಯಡ್, ಅದೇ ಶಿಕ್ಷಕರು ಇನ್ನೊಂದು ಕಡೆ ಕಂಡರೆ ಆ ಸಾಲು ಕೆಂಪಾಗುತ್ತದೆ. ಅಷ್ಟೇ. ಸಣ್ಣ ಸೂತ್ರ. ಆದರೆ ತಪ್ಪು ಬಾಗಿಲಲ್ಲಿ ಸಿಗುವುದಕ್ಕಿಂತ ಹಾಳೆಯಲ್ಲಿ ಸಿಗುವುದು ಎಷ್ಟೋ ಮೇಲು. ಕಳೆದ 4 ವರ್ಷ ಇಂಥ ಡಿಕ್ಕಿ ಒಂದೂ ಆಗಿಲ್ಲ.

ಟೈಮ್‌ಟೇಬಲ್ ಮಾಡುವುದು ವರ್ಷಕ್ಕೊಮ್ಮೆಯ ಕೆಲಸ. ಅದನ್ನು ದಿನಾ ಹಳಿ ತಪ್ಪದಂತೆ ನಡೆಸುವುದು ಬೇರೆಯದೇ ಕೆಲಸ. ಬೆಳಿಗ್ಗೆ 7:40ಕ್ಕೆ ಫೋನ್ ಬರುತ್ತದೆ: ಮೂವರು ರಜೆ. ಬೆಲ್‌ಗೆ ಇನ್ನು 50 ನಿಮಿಷ. ಆ ದಿನ ತುಂಬಬೇಕಾದ ಪೀರಿಯಡ್ 16. ಮೊದಲ ವರ್ಷ ನಾನು ಸ್ಟಾಫ್ ರೂಮಿಗೆ ಹೋಗಿ ಎದುರಿಗೆ ಸಿಕ್ಕವರನ್ನು ಕೇಳುತ್ತಿದ್ದೆ. ಎರಡು ತಿಂಗಳಾದ ಮೇಲೆ ಲೆಕ್ಕ ತೆಗೆದು ನೋಡಿದರೆ, ಇಲ್ಲ ಅನ್ನಲು ಬಾರದ ನಾಲ್ಕು ಜನರ ಮೇಲೇ ಅರ್ಧಕ್ಕಿಂತ ಜಾಸ್ತಿ ಹೊರೆ ಬಿದ್ದಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಅವತ್ತಿನಿಂದ ಯಾರು ಎಷ್ಟು ಹೆಚ್ಚುವರಿ ಪೀರಿಯಡ್ ತೆಗೆದುಕೊಂಡಿದ್ದಾರೆ ಅನ್ನುವ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಿದೆ. ಕಡಿಮೆ ಇರುವವರಿಗೆ ಮೊದಲ ಸರದಿ. ಲ್ಯಾಬ್ ಇರುವ ತರಗತಿಗೆ ಅದೇ ವಿಷಯದವರೇ ಹೋಗಬೇಕು, ಉಳಿದದ್ದಕ್ಕೆ ಯಾರಾದರೂ ಸರಿ. ಇಷ್ಟು ನಿಯಮ ಬಂದ ಮೇಲೆ 50 ನಿಮಿಷದ ಗಡಿಬಿಡಿ 15 ನಿಮಿಷದ ಕೆಲಸ ಆಯಿತು. ಜಗಳವೂ ನಿಂತಿತು. ಶಿಫ್ಟ್‌ಗೆ ಜನ ಬಾರದ ದಿನ ನಿಮ್ಮಲ್ಲೂ ಇದೇ ಪರಿಸ್ಥಿತಿ ಇರುತ್ತದೆ ಅಂದುಕೊಂಡಿದ್ದೇನೆ. ಯಾವ ಕೆಲಸ ಕಾಯಬಹುದು, ಯಾವುದು ಕಾಯಲಾರದು ಅಂತ ಬೇಗ ವಿಂಗಡಿಸುವುದು ನನಗೆ ರೂಢಿಯಾಗಿದೆ.

ಇನ್ನು ಪರೀಕ್ಷೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪರೀಕ್ಷೆ ಮುಗಿದು ಫಲಿತಾಂಶ ಬರಲು ನಮ್ಮಲ್ಲಿ 14 ದಿನ ಹಿಡಿಯುತ್ತಿತ್ತು. ಶಿಕ್ಷಕರು ನಿಧಾನ ಅಂತ ಎಲ್ಲರೂ ನಂಬಿದ್ದರು. 22 ಸೆಕ್ಷನ್, ತಲಾ 6 ವಿಷಯ, ಒಟ್ಟು 132 ಬಂಡಲ್. ಒಂದು ಸಲ ನಾನು ಸುಮ್ನೆ ಪ್ರತಿ ಬಂಡಲ್ ಮೇಲೂ ಒಂದು ಚೀಟಿ ಅಂಟಿಸಿದೆ. ಕೊಟ್ಟ ದಿನ, ತಿದ್ದಿ ಮುಗಿದ ದಿನ, ಅಂಕ ದಾಖಲಾದ ದಿನ, ಮೂರೇ ಖಾನೆ. ಚೀಟಿಗಳನ್ನು ಜೋಡಿಸಿ ನೋಡಿದಾಗ ಆಶ್ಚರ್ಯವಾಯಿತು. ಎಷ್ಟೋ ಬಂಡಲ್ ಮೂರನೇ, ನಾಲ್ಕನೇ ದಿನಕ್ಕೇ ತಿದ್ದಿ ಮುಗಿದಿದ್ದವು. ಆದರೆ ಕಪಾಟಿನಲ್ಲೇ ಇದ್ದವು. ಎಲ್ಲ ಬಂಡಲ್ ಮುಗಿಸಿ ಒಟ್ಟಿಗೆ ಕೊಡಬೇಕು ಅನ್ನುವುದು ಹಳೆಯ ಪದ್ಧತಿ. ಹತ್ತನೇ ದಿನ 132 ಬಂಡಲ್ ಒಟ್ಟಿಗೆ ಬಂದು, ಅಂಕ ದಾಖಲಿಸುವ ಇಬ್ಬರ ಮೇಜಿನ ಮೇಲೆ ಬೀಳುತ್ತಿದ್ದವು. ಅಲ್ಲಿಂದ ಮತ್ತೆ 4 ದಿನ.

ಮುಂದಿನ ಪರೀಕ್ಷೆಯಿಂದ ತಿದ್ದಿ ಮುಗಿದ ಬಂಡಲ್ ಅದೇ ದಿನ ಸಂಜೆ ದಾಖಲಾತಿಗೆ ಹೋಗಬೇಕು ಅಂತ ಮಾಡಿದೆವು. ಯಾರೂ ಮೊದಲಿಗಿಂತ ವೇಗವಾಗಿ ತಿದ್ದಲಿಲ್ಲ. ಹೊಸದಾಗಿ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಫಲಿತಾಂಶ 11 ದಿನಕ್ಕೆ ಬಂತು. ಆಮೇಲೆ ಆಪರೇಷನ್ಸ್ ಬಗ್ಗೆ ಓದುವಾಗ ಲಿಟಲ್ಸ್ ಲಾ ಸಿಕ್ಕಿತು: L = λW. ನಡುವೆ ಇರುವ ಕೆಲಸದ ಪ್ರಮಾಣ ಅಂದರೆ, ಕೆಲಸ ಬರುವ ವೇಗ ಗುಣಿಸು ಪ್ರತಿ ಕೆಲಸ ಒಳಗೆ ಕಳೆಯುವ ಸಮಯ. ಜಾನ್ ಲಿಟಲ್ 1961ರಲ್ಲಿ ಇದರ ಗಣಿತದ ಪುರಾವೆಯನ್ನು ಪ್ರಕಟಿಸಿದರು. ಗಣಿತದವಳಾದ ನನಗೆ ಅದನ್ನು ಓದಿ ಬಹಳ ಸಂತೋಷವಾಯಿತು. ನಮ್ಮ ಕಪಾಟಿನಲ್ಲಿ ಕಂಡದ್ದು ಒಂದೇ ಸಾಲಿನಲ್ಲಿ ಅಲ್ಲಿತ್ತು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ನನ್ನ ಉಸ್ತುವಾರಿಯ ಎರಡನೇ ವರ್ಷ ಒಂದು ಕೊಠಡಿಯಲ್ಲಿ ಬೇರೆ ದಿನದ ಪ್ರಶ್ನೆಪತ್ರಿಕೆಯ ಲಕೋಟೆ ತೆರೆದುಬಿಟ್ಟರು. ಮಕ್ಕಳಿಗೆ ಹಂಚುವ ಮೊದಲೇ ಗೊತ್ತಾಯಿತು. ಆದರೂ ಆ ಪತ್ರಿಕೆಯನ್ನು ರದ್ದು ಮಾಡಿ ಹೊಸದು ತಯಾರಿಸಬೇಕಾಯಿತು. ತೆರೆದವರನ್ನು ಬೈಯಬೇಕು ಅಂತ ಎಲ್ಲರ ಒತ್ತಾಯ. ನಾನು ಎರಡೂ ಲಕೋಟೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದೇ ಬಣ್ಣ, ಒಂದೇ ಅಳತೆ. ತರಗತಿಯ ಹೆಸರು ದಪ್ಪ ಅಕ್ಷರದಲ್ಲಿ, ದಿನಾಂಕ ಕೆಳಗೆ ಮೂಲೆಯಲ್ಲಿ ಸಣ್ಣದಾಗಿ. ಅವಸರದಲ್ಲಿ ನಾನೇ ಇದ್ದಿದ್ದರೂ ಅದನ್ನೇ ತೆರೆಯುತ್ತಿದ್ದೆ. ಆ ಲಕೋಟೆಗಳ ಮೇಲಿನ ಬರಹವನ್ನು ಒಪ್ಪಿದವಳೂ ನಾನೇ, ಅದನ್ನು ಸಭೆಯಲ್ಲಿ ಹೇಳಿದೆ. ದಿನಕ್ಕೊಂದು ಬಣ್ಣ ಮಾಡಿದೆವು, ದಿನಾಂಕ ದೊಡ್ಡದಾಯಿತು. ಇಬ್ಬರು ನಿಂತು ಜೋರಾಗಿ ಓದಿ, ಸಹಿ ಹಾಕಿ ತೆರೆಯಬೇಕು ಅಂತ ನಿಯಮ ಬಂತು. ಟೊಯೋಟಾದವರು ಒಂದು ತಪ್ಪಾದಾಗ "ಯಾಕೆ?" ಅಂತ ಐದು ಸಲ ಕೇಳುತ್ತಾ ಹೋಗುತ್ತಾರೆ ಅಂತ ಈಗ ಓದಿದ್ದೇನೆ. ನನಗೆ ಎರಡನೇ "ಯಾಕೆ"ಯಲ್ಲೇ ಲಕೋಟೆ ಸಿಕ್ಕಿತ್ತು.

ಇದೆಲ್ಲ ಉಸ್ತುವಾರಿಯ ಕೆಲಸ, ಪಾಠದ ಅನುಭವ ಎಲ್ಲಿ ಬಂತು ಅಂತ ನೀವು ಕೇಳಬಹುದು. ಪಾಠ ನನಗೆ ಕಲಿಸಿದ್ದರಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಒಂದಿದೆ ಅಂತ ನನ್ನ ನಂಬಿಕೆ. "ಅರ್ಥ ಆಯ್ತಾ?" ಅಂತ ಕೇಳಿದರೆ 40 ಮಕ್ಕಳೂ "ಆಯ್ತು" ಅನ್ನುತ್ತಾರೆ. ದೊಡ್ಡವರೂ ಹಾಗೇ. ಅದಕ್ಕೇ ನಾನು ಹಾಗೆ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು. "ಬೋರ್ಡಿಗೆ ಬಾ, ಮಾಡಿ ತೋರಿಸು" ಅನ್ನುತ್ತೇನೆ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನನ್ನ ವಿವರಣೆ ಸೋತಿದೆ ಅಂತ ಲೆಕ್ಕ. ಹೊಸ ಶಿಕ್ಷಕರಿಗೆ ಪರೀಕ್ಷಾ ಡ್ಯೂಟಿಯ ಸೂಚನೆ ಬರೆದಾಗಲೂ ಇದನ್ನೇ ಮಾಡಿದೆ. ಮೊದಲು ಮೂರು ಪುಟ ಬರೆದಿದ್ದೆ. ಆ ವಾರವಷ್ಟೇ ಸೇರಿದ್ದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಮಾತಾಡದೆ ನಿಂತೆ. "ಉಳಿದ ಪತ್ರಿಕೆಗಳನ್ನು ಕಚೇರಿಗೆ ಒಪ್ಪಿಸಿ" ಅನ್ನುವ ಸಾಲಿಗೆ ಬಂದು ಅವರು ತಲೆ ಎತ್ತಿದರು. "ಮೇಡಂ, ಕಚೇರಿಯಲ್ಲಿ ಯಾರ ಕೈಗೆ? ಎಣಿಸಿ ಕೊಡಬೇಕಾ?" ನನಗೆ ಗೊತ್ತಿದ್ದುದರಿಂದ ನಾನು ಬರೆದಿರಲೇ ಇಲ್ಲ. ಹಾಗೆ ನಾಲ್ಕು ಜನರ ಕೈಯಲ್ಲಿ ಓಡಿಸಿ ನೋಡಿದ ಮೇಲೆ ಅದು ಒಂದೇ ಪುಟ ಆಯಿತು. ನಿಮ್ಮ ಎಸ್‌ಒಪಿಗಳನ್ನೂ ನಾನು ಹೀಗೇ ಬರೆಯುತ್ತೇನೆ, ಹೊಸಬರಿಗೆ ತರಬೇತಿಯನ್ನೂ ಹೀಗೇ ಕೊಡುತ್ತೇನೆ. ಶಿಫ್ಟ್ ಹ್ಯಾಂಡ್‌ಓವರ್‌ನಲ್ಲಿ ತಪ್ಪಿಹೋಗುವುದೂ ಬಹುಶಃ ಇಂಥ ಸಣ್ಣ ಸಾಲುಗಳೇ.

ಕೋಪದಲ್ಲಿ ಬರುವ ಪೋಷಕರ ಜೊತೆ ಮಾತಾಡಿ ಅಭ್ಯಾಸ ಇದೆ. ಗ್ರಾಹಕರ ಎಸ್ಕಲೇಷನ್ ಬಗ್ಗೆ ನನಗೆ ಹೆದರಿಕೆ ಇಲ್ಲ.

ಗೊತ್ತಿಲ್ಲದ್ದನ್ನೂ ಹೇಳಿಬಿಡುತ್ತೇನೆ. ನಿಮ್ಮಂಥ ಕಡೆ ಬಳಸುವ ಇಆರ್‌ಪಿ ಸಾಫ್ಟ್‌ವೇರ್ ಮೇಲೆ ನಾನು ಕೆಲಸ ಮಾಡಿಲ್ಲ. ವೆಂಡರ್‌ಗಳ ಜೊತೆ ದರ ಮಾತಾಡಿಲ್ಲ, ಎಸ್‌ಎಲ್‌ಎ ಬರೆದಿಲ್ಲ. ಒಂದು ದಿನದ ವಿಳಂಬಕ್ಕೆ ಎಷ್ಟು ಹಣ ಹೋಗುತ್ತದೆ ಅಂತ ಲೆಕ್ಕ ಹಾಕುವ ಕಣ್ಣು ನನಗೆ ಇನ್ನೂ ಬರಬೇಕು. ನಮ್ಮಲ್ಲಿ ವಿಳಂಬದ ಬೆಲೆ ಬೇರೆ ಥರದ್ದು. ಸ್ಪ್ರೆಡ್‌ಶೀಟ್‌ನಲ್ಲಿ ಪಿವಟ್ ಟೇಬಲ್‌ವರೆಗೆ ಚೆನ್ನಾಗಿ ಬರುತ್ತದೆ. ಮೂರು ತಿಂಗಳಿಂದ ಎಸ್‌ಕ್ಯುಎಲ್ ಕಲಿಯುತ್ತಿದ್ದೇನೆ, ಎರಡು ಟೇಬಲ್ ಜೋಡಿಸಿ ಬೇಕಾದ್ದನ್ನು ತೆಗೆಯುವಷ್ಟು ಬಂದಿದೆ. ಮೊದಲ ಕೆಲವು ತಿಂಗಳು ನನಗೆ ಕಲಿಸುವವರು ಒಬ್ಬರು ಬೇಕಾಗುತ್ತಾರೆ. ಅದಕ್ಕೆ ತಕ್ಕಂತೆ ಕೆಳಗಿನ ಹಂತದಿಂದ ಶುರುಮಾಡಲು ನನಗೆ ಒಪ್ಪಿಗೆ ಇದೆ.

ಪಾಠ ಬೇಸರವಾಗಿ ಬಿಡುತ್ತಿಲ್ಲ. ಮಕ್ಕಳನ್ನು ಬಿಟ್ಟು ಬರುವುದು ಕಷ್ಟವೇ. ಆದರೆ ಈ ಐದು ವರ್ಷ ಮನೆಗೆ ಹೋದ ಮೇಲೂ ನನ್ನ ತಲೆಯಲ್ಲಿ ಓಡುತ್ತಿದ್ದುದು ನಾಳೆಯ ಪಾಠಕ್ಕಿಂತ ಜಾಸ್ತಿ ನಾಳೆಯ ಪಟ್ಟಿ. ಅದನ್ನೇ ಪೂರ್ತಿ ಕೆಲಸವಾಗಿ ಮಾಡಬೇಕು ಅನ್ನುವ ಆಸೆ ನಿಧಾನವಾಗಿ ಗಟ್ಟಿಯಾಯಿತು.

ನಿಮ್ಮ ಹತ್ತಿರ ಒಂದು ಕೋರಿಕೆ. ರೆಸ್ಯೂಮೆಯಲ್ಲಿ ಆಪರೇಷನ್ಸ್ ಅನುಭವದ ಖಾನೆ ಖಾಲಿ ಕಾಣುತ್ತದೆ ಅನ್ನುವ ಕಾರಣಕ್ಕೆ ಆಪರೇಷನ್ಸ್ ಮ್ಯಾನೇಜರ್ ಕೈ ಸೇರುವ ಮೊದಲೇ ನನ್ನ ಅರ್ಜಿ ನಿಂತುಹೋಗದಿರಲಿ. ಈ ಪತ್ರವನ್ನೂ ಅದರ ಜೊತೆ ಕಳಿಸಿದರೆ ಉಪಕಾರವಾಗುತ್ತದೆ. ಅವರು ಒಪ್ಪಿದರೆ, ಸದ್ಯಕ್ಕೆ ಗೋಜಲಾಗಿರುವ ಒಂದು ರೋಸ್ಟರನ್ನೋ ಹ್ಯಾಂಡ್‌ಓವರ್ ಹಾಳೆಯನ್ನೋ ಹೆಸರುಗಳನ್ನು ತೆಗೆದು ಕೊಡಲಿ. ಎರಡು ದಿನದಲ್ಲಿ ನಾನು ಏನು ಬದಲಿಸುತ್ತೇನೆ, ಯಾಕೆ ಅಂತ ಬರೆದು ಕೊಡುತ್ತೇನೆ.

ಟೈಮ್‌ಟೇಬಲ್ ಹಾಳೆಯ ಒಂದು ಮಾದರಿ, ಬಂಡಲ್ ಚೀಟಿ, ಒಂದು ಪುಟದ ಡ್ಯೂಟಿ ಸೂಚನೆ, ಈ ಮೂರನ್ನೂ ಜೊತೆಗೆ ಲಗತ್ತಿಸಿದ್ದೇನೆ. ಯಾರ ಹೆಸರೂ ಅದರಲ್ಲಿಲ್ಲ. ವಾರ್ಷಿಕ ಪರೀಕ್ಷೆಯ ಫಲಿತಾಂಶ ಮುಗಿಸಿಕೊಟ್ಟೇ ಹೊರಡಬೇಕು ಅಂತಿದ್ದೇನೆ, ಹಾಗಾಗಿ ಸೇರಲು ಇಂದಿನಿಂದ 6 ವಾರ ಬೇಕು. ಮಾತಾಡಲು ಸಂಜೆ 4:30ರ ಮೇಲೆ ಯಾವ ದಿನವಾದರೂ ಸರಿ.

ವಂದನೆಗಳು.