ಕೊಳೆಯುವ ಹಣ್ಣು ಮೊದಲು

ಈ ಚಿತ್ರದಲ್ಲಿ ಜಗಲಿಯ ಮೇಲೆ ಬಾಳೆಲೆ ಹಾಕಿಕೊಂಡು ಮಾವಿನ ಊಟಕ್ಕೆ ಸಾಲಾಗಿ ಕುಳಿತವರೆಲ್ಲ ಒಂದೇ ಮನೆಯ ಮೊಮ್ಮಕ್ಕಳು, ಮರಿಮಕ್ಕಳು. ಜಾಗ ಶಿರಸಿ ತಾಲ್ಲೂಕಿನ ನಮ್ಮ ಅಜ್ಜನಮನೆ, ಮೇ ತಿಂಗಳ ಎರಡನೇ ಭಾನುವಾರದ ಮಧ್ಯಾಹ್ನ. ಎಡತುದಿಯಲ್ಲಿ ಕಣ್ಣು ಮುಚ್ಚಿಕೊಂಡು ಗೊರಟೆ ಚೀಪುತ್ತಿರುವವನು ನಮ್ಮೆಲ್ಲರ ದೊಡ್ಡಣ್ಣ, ಬ್ಯಾಂಕಿನಲ್ಲಿ ಮ್ಯಾನೇಜರ್. ಸಾಲ ಕೇಳಲು ಹೋಗುವವರು ಈ ಚಿತ್ರವನ್ನು ನೋಡದಿರಲಿ. ಬಲತುದಿಯಲ್ಲಿ ಕೈ ಎತ್ತಿ ಚಮಚ ಕೇಳುತ್ತಿರುವವಳು ಅವನ ಮಗಳು. ಚಮಚ ಕೊನೆಗೂ ಸಿಗಲಿಲ್ಲ. ಐದು ನಿಮಿಷದಲ್ಲಿ ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಎಲೆಯ ಮೇಲಿರುವುದನ್ನು ಕೇಳಿದವರಿಗಾಗಿ: ಮಾವಿನಕಾಯಿ ಚಿತ್ರಾನ್ನ, ಕಾಡುಮಾವಿನ ಹಣ್ಣಿನ ಸಾಸಿವೆ, ಮಾವಿನಹಣ್ಣಿನ ರಸಾಯನ, ಕಳೆದ ವರ್ಷದ ಹಣ್ಣಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ಲೋಟದಲ್ಲಿರುವುದು ಮಜ್ಜಿಗೆಯಲ್ಲ, ಅಪ್ಪೆಹುಳಿ. ನಡುವಿನ ಹರಿವಾಣದಲ್ಲಿ ಗುಡ್ಡೆ ಹಾಕಿರುವುದು ಅಂಕೋಲೆಯ ಅತ್ತೆ ಬುಟ್ಟಿಯಲ್ಲಿ ಹೊತ್ತು ತಂದ ಕರಿ ಇಶಾಡ ಮಾವಿನಹಣ್ಣು.

ಆ ಹರಿವಾಣವನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಒಂದೇ ಒಂದು ಹಣ್ಣಿನಲ್ಲಿಯೂ ಕಪ್ಪು ಚುಕ್ಕೆಯಿಲ್ಲ. ಈ ಮನೆಯ ಮಟ್ಟಿಗೆ ಇದು ಕ್ರಾಂತಿ.

ನಮ್ಮ ಕಾಲದಲ್ಲಿ ಏಪ್ರಿಲ್ 10ಕ್ಕೆ ಫಲಿತಾಂಶ. ಪಾಸೋ ಫೇಲೋ ತಿಳಿದ ಮರುದಿನವೇ ಹುಬ್ಬಳ್ಳಿಯಿಂದ ಮುಂಡಗೋಡದ ಮೇಲೆ ಹಾದುಬರುವ ಕೆಂಪು ಬಸ್ಸಿನಲ್ಲಿ, ವಾಂತಿಗೆಂದು ಅಮ್ಮ ಕೊಟ್ಟ ಲಿಂಬೆಹಣ್ಣು ಮೂಸುತ್ತಾ ಇಲ್ಲಿಗೆ ಬಂದು ಬೀಳುತ್ತಿದ್ದೆವು. ಹುಬ್ಬಳ್ಳಿಯ ಪೇಟೆಯಲ್ಲಿ ಧಾರವಾಡದ ಆಪೂಸನ್ನು ಡಜನ್ ಲೆಕ್ಕದಲ್ಲಿ ಚೌಕಾಸಿ ಮಾಡಿ ತರುತ್ತಿದ್ದ ಅಪ್ಪ, ಮನೆಯಲ್ಲಿ ಅದನ್ನು ತಲೆಗೆ ಇಷ್ಟು ಹೋಳು ಎಂದು ಹಂಚುತ್ತಿದ್ದರು. ಅಜ್ಜನಮನೆಯಲ್ಲಿ ಹಂಚುವ ಮಾತೇ ಇಲ್ಲ. ತೋಟದಲ್ಲಿ, ಬೇಲಿಯಂಚಿನಲ್ಲಿ, ಬೆಟ್ಟದಲ್ಲಿ ಎಲ್ಲಿ ನೋಡಿದರಲ್ಲಿ ಮಾವು. ರಾತ್ರಿ ಗಾಳಿಮಳೆ ಬಂದರೆ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಬುಟ್ಟಿ ಹಿಡಿದು ಓಟ. ದನಗಳಿಗಿಂತ ಮೊದಲು ಮುಟ್ಟಬೇಕು, ಅಷ್ಟೇ ಪಂದ್ಯ.

ಆದರೆ ಅಜ್ಜಿಯದೊಂದು ಕಾನೂನು ಇತ್ತು: ಹಾಳಾಗುವ ಹಣ್ಣನ್ನು ಮೊದಲು ತಿನ್ನಬೇಕು.

ಅಟ್ಟದ ಮೇಲೆ ಒಣಹುಲ್ಲಿನಲ್ಲಿ ಕಾಯಿಗಳನ್ನು ಅಡೆ ಹಾಕಿರುತ್ತಿದ್ದರು. ಬೆಳಗಿನ ಆಸರಿ ಮುಗಿದ ಮೇಲೆ ಅಜ್ಜಿ ಏಣಿ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲು ಸರಿಸಿ ಒಂದೊಂದೇ ಹಣ್ಣನ್ನು ತೆಗೆಯುತ್ತಿದ್ದಳು. ಒತ್ತಿ ನೋಡುತ್ತಿರಲಿಲ್ಲ, ಒತ್ತಿದರೆ ಆ ಜಾಗ ನಾಳೆಗೆ ಕೊಳೆಯುತ್ತದೆ ಎಂದು ಬೈಯುತ್ತಿದ್ದಳು. ತೊಟ್ಟಿನ ಬುಡವನ್ನು ಮೂಗಿನ ಹತ್ತಿರ ಹಿಡಿದು, ಒಂದು ಸಲ ಉಸಿರೆಳೆದು, ತೀರ್ಪು ಕೊಟ್ಟುಬಿಡುತ್ತಿದ್ದಳು. ಹದವಾಗಿ ಹಣ್ಣಾದದ್ದು ಬಲಕ್ಕೆ, ಅದು ನಾಳೆಗೆ ಅಥವಾ ಬರುವ ನೆಂಟರಿಗೆ. ಕಪ್ಪು ಚುಕ್ಕೆ ಬಿದ್ದದ್ದು, ತೊಟ್ಟಿನಲ್ಲಿ ಮೆತ್ತಗಾದದ್ದು, ಅಳಿಲು ಕಚ್ಚಿದ್ದು ಎಡಕ್ಕೆ, ಅದು ಮಕ್ಕಳಿಗೆ. ಮರುದಿನ ಬಲಗಡೆಯ ಹಣ್ಣುಗಳಲ್ಲಿ ಅರ್ಧ ಎಡಕ್ಕೆ ಬಂದಿರುತ್ತಿದ್ದವು. ಹಾಗಾಗಿ ಅಷ್ಟು ಮಾವಿನ ನಡುವೆಯೂ ಇಡೀ ರಜೆಯಲ್ಲಿ ನಾವು ತಿಂದದ್ದು ನಿನ್ನೆಯ ಒಳ್ಳೆಯ ಹಣ್ಣುಗಳನ್ನು. ಈ ಲೆಕ್ಕವನ್ನು ಮೊದಲು ಹಿಡಿದವನು ದೊಡ್ಡಣ್ಣ. ಮುಂದೆ ಬ್ಯಾಂಕಿಗೆ ಸೇರಿದ್ದು ಸುಮ್ಮನೆ ಅಲ್ಲ. ಅವನು ಅಜ್ಜಿಯ ಮುಂದೆ ನಿಂತು, "ಇವತ್ತೇ ಒಳ್ಳೆಯದನ್ನು ತಿಂದುಬಿಟ್ಟರೆ ನಾಳೆ ಕೊಳೆಯುವುದಕ್ಕೆ ಏನೂ ಇರುವುದಿಲ್ಲವಲ್ಲ" ಎಂದು ವಾದಿಸಿದ್ದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಹಪ್ಪಳಕ್ಕೆ ರಸ ಹಿಂಡಲು ಕೂರಿಸಿದಳು.

ಹಪ್ಪಳದ ಕೆಲಸವೇನೂ ಶಿಕ್ಷೆಯಂತೆ ಅನ್ನಿಸುತ್ತಿರಲಿಲ್ಲ. ಹುಳಿಸಿಹಿ ಕಾಡುಹಣ್ಣನ್ನು ಕೈಯಲ್ಲೇ ಹಿಚುಕಿ, ನಾರು ಗೊರಟೆ ಬೇರೆ ಮಾಡಿ, ರಸವನ್ನು ಚಾಪೆಯ ಮೇಲೆ ತೆಳ್ಳಗೆ ಸವರಿ ಅಂಗಳದ ಬಿಸಿಲಿಗೆ ಇಡಬೇಕು. ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಪದರ, ಮತ್ತೊಂದು ಪದರ. ಕಾಗೆ ಓಡಿಸುವ ಕೆಲಸ ಚಿಕ್ಕವರದು, ಕಾವಲುಗಾರರೇ ಅಂಚು ಕಿತ್ತು ತಿನ್ನುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಸಂಜೆಗೆ ಮೋಡ ಕಟ್ಟಿದರೆ ಮನೆ ಮಂದಿಯೆಲ್ಲ ಚಾಪೆಯ ನಾಲ್ಕು ಮೂಲೆ ಹಿಡಿದು ಒಳಗೆ ಓಡುವುದು. ತುಟಿಯ ಸುತ್ತ ಸೊನೆ ಸುಟ್ಟ ಕಲೆಯಿಲ್ಲದೆ, ಬೆನ್ನಿನಲ್ಲಿ ಒಂದಾದರೂ ಕುರ ಇಲ್ಲದೆ ಆ ವರ್ಷದ ರಜೆ ಮುಗಿಯಿತೆಂದರೆ ಆ ಹುಡುಗ ಕಾಯಿಲೆ ಬಿದ್ದಿದ್ದನೆಂದೇ ಅರ್ಥ.

ಅಪ್ಪೆಹುಳಿಯ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಊರಿನವರು ಬಿಡುವುದಿಲ್ಲ. ಮಾವಿನಕಾಯಿಯನ್ನು ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಹಸಿಮೆಣಸು, ಚೂರು ಬೆಲ್ಲ; ಮೇಲೆ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಇಷ್ಟೇ. ತೆಳ್ಳಗಿರಬೇಕು, ಎತ್ತಿ ಕುಡಿಯುವಂತಿರಬೇಕು. ಪೇಟೆಯ ಹೋಟೆಲಿನಲ್ಲಿ ಇದೇ ಹೆಸರಿನಲ್ಲಿ ಗಟ್ಟಿ ಸಾರಿನಂಥದ್ದೇನನ್ನೋ ಕೊಡುತ್ತಾರೆ, ಅದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಎರಡು ಲೋಟ ಇಳಿಸಿದರೆ ನಿದ್ದೆ ಖಚಿತ. ಈ ಚಿತ್ರ ತೆಗೆದ ಅರ್ಧ ಗಂಟೆಯಲ್ಲಿ ಇದೇ ಜಗಲಿಯ ಮೇಲೆ ಇದೇ ಸಾಲು ಅಡ್ಡಬಿದ್ದಿತ್ತು. ಆ ಚಿತ್ರವೂ ನನ್ನ ಬಳಿ ಇದೆ, ಹಾಕುವುದಿಲ್ಲ. ಗೊರಕೆ ಹೊಡೆಯುವವರ ಮಾನ ಉಳಿಸಿದ್ದೇನೆ.

ಇಶಾಡದ ವಿಷಯ ಬೇರೆಯೇ. ಸಿಪ್ಪೆ ತೆಳು, ಗೊರಟೆ ಸಣ್ಣ, ತುಂಬ ರಸ, ಆ ಪರಿಮಳಕ್ಕೆ ಮಾತ್ರ ನನ್ನಲ್ಲಿ ಶಬ್ದವಿಲ್ಲ. ಬಿಳಿ ಇಶಾಡ ಎಂಬುದೂ ಒಂದಿದೆ, ಅತ್ತೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2023ರಲ್ಲಿ ಅಂಕೋಲೆಯ ಕರಿ ಇಶಾಡಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಾಗ, "ಸರ್ಕಾರಕ್ಕೆ ಈಗ ಗೊತ್ತಾಯಿತೇ" ಎಂದು ನಕ್ಕಿದ್ದರು. ನಮ್ಮ ಕಡೆಯ ಅಪ್ಪೆಮಿಡಿಗೆ ಅದು ಮೊದಲೇ ದಕ್ಕಿತ್ತೆಂದು ನಾವು ಎದುರುತ್ತರ ಕೊಟ್ಟೆವು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಈ ಜಗಳ ಪ್ರತಿ ಊಟದಲ್ಲಿಯೂ ಇರುತ್ತದೆ. ಅತ್ತೆ ಬುಟ್ಟಿ ಬಿಚ್ಚಿದ ಕೂಡಲೇ ಘಟ್ಟದ ಮೇಲಿನವರು ಸುಮ್ಮನಾಗುತ್ತೇವೆ.

ಇಶಾಡ ಹಣ್ಣಾದ ಮೇಲೆ ಹೆಚ್ಚು ದಿನ ತಾಳುವುದಿಲ್ಲ. ಅಜ್ಜಿಯ ಕಾನೂನು ಸಂಪೂರ್ಣ ಸೋಲುತ್ತಿದ್ದದ್ದು ಈ ಹಣ್ಣಿನೆದುರು ಮಾತ್ರ. ದೇವಿಮನೆ ಘಟ್ಟ ಹತ್ತಿ ಬುಟ್ಟಿ ಬಂತೆಂದರೆ ಎಡ ಬಲ ಎಂದು ಆರಿಸುತ್ತಾ ಕೂರಲು ಪುರುಸೊತ್ತಿಲ್ಲ, ಅಂದೇ ತಿನ್ನಬೇಕು. ವರ್ಷಕ್ಕೆ ಆ ಒಂದು ದಿನ ನಮಗೂ ಚುಕ್ಕೆಯಿಲ್ಲದ ಹಣ್ಣು ಸಿಗುತ್ತಿತ್ತು. ಅಜ್ಜಿಯೂ ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತು, ಮೊಣಕೈವರೆಗೆ ರಸ ಇಳಿಸಿಕೊಂಡು ತಿನ್ನುತ್ತಿದ್ದಳು. ಅವಳು ಇಡೀ ಹಣ್ಣನ್ನು ತಾನೊಬ್ಬಳೇ ತಿನ್ನುವುದನ್ನು ನಾವು ನೋಡಿದ್ದು ಆಗ ಮಾತ್ರ.

ಈ ಸಲದ ಊಟಕ್ಕೆ ಅತ್ತೆ ಕರಾರು ಹಾಕಿದ್ದರು: ಒಳ್ಳೆಯ ಹಣ್ಣು ಮೊದಲು. ಎಲ್ಲರೂ ಒಪ್ಪಿದೆವು. ಆದರೂ ಊಟ ಮುಗಿದ ಮೇಲೆ ಹಿತ್ತಿಲ ಕಡೆ ಹೋದರೆ, ಚಿಕ್ಕಮ್ಮ ಅಟ್ಟದಿಂದ ಇಳಿಸಿದ ಚುಕ್ಕೆ ಬಿದ್ದ ಹಣ್ಣುಗಳ ಬುಟ್ಟಿಯ ಮುಂದೆ ಕುಳಿತು ಕೊಳೆತ ಭಾಗವನ್ನು ಕತ್ತರಿಸಿ ಬಿಸಾಡಿ ಉಳಿದದ್ದನ್ನು ತಿನ್ನುತ್ತಿದ್ದಳು. ಹೊಟ್ಟೆ ತುಂಬಿಲ್ಲವೇ ಎಂದರೆ, "ಹಾಳಾಗುತ್ತದಲ್ಲ" ಎಂದಳು. ನಾನೂ ಒಂದು ಚಾಕು ತಂದು ಪಕ್ಕದಲ್ಲಿ ಕುಳಿತೆ.

ಕೊನೆಯದಾಗಿ, ಬೆಂಗಳೂರಿಗೆ ಹೊರಟವರಿಗೆ: ಜೀರಿಗೆ ಮಿಡಿಯ ಉಪ್ಪಿನಕಾಯಿಯ ದೊಡ್ಡ ಡಬ್ಬಿಯೊಂದನ್ನು ಜಗಲಿಯ ಕಿಟಕಿಯಲ್ಲೇ ಬಿಟ್ಟು ಹೋಗಿದ್ದೀರಿ. ಯಾರದೆಂದು ಗುರುತು ಹೇಳಿ ಶನಿವಾರದೊಳಗೆ ಒಯ್ಯದಿದ್ದರೆ ಅದು ನಮ್ಮದು. ಶುಕ್ರವಾರವೇ ಮುಚ್ಚಳ ತೆರೆಯುವ ಸಾಧ್ಯತೆಯೂ ಇದೆ.