ವಿಷಯ: ಹದಡಿ ರಸ್ತೆ ಮನೆ ಕೆಲಸದ ವಿಳಂಬ – ಏಪ್ರಿಲ್ 30ರೊಳಗೆ ಮುಗಿಸುವ ಬಗ್ಗೆ

ದಿನಾಂಕ: 6 ಫೆಬ್ರವರಿ 2026, ದಾವಣಗೆರೆ

ನಮಸ್ಕಾರ ಸರ್,

ಫೋನಿನಲ್ಲಿ ಮಾತಾಡಿದ್ದು ಫೋನಿನಲ್ಲೇ ಉಳಿಯುತ್ತಿದೆ, ಅದಕ್ಕೆ ಈ ಸಲ ಬರೆದು ಕಳಿಸುತ್ತಿದ್ದೇನೆ. ನಮ್ಮ ಹದಡಿ ರಸ್ತೆಯ 30x40 ಸೈಟಿನ ಮನೆ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. ಇವತ್ತಿಗೆ ಒಳಗಿನ ಗಾರೆಯೇ ಅರ್ಧ ಆಗಿದೆ.

ಆಗಿದ್ದನ್ನು ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ. ಅಗ್ರಿಮೆಂಟ್ ಆಗಿದ್ದು 2025ರ ಮಾರ್ಚ್ 12ಕ್ಕೆ, ಸಾಮಾನು ಸೇರಿ ಒಟ್ಟು 21 ಲಕ್ಷಕ್ಕೆ. ಪಾಯ ಹೇಳಿದ ಹೊತ್ತಿಗೆ ಮುಗಿಯಿತು, ಆ ಕೆಲಸ ಚೆನ್ನಾಗಿಯೂ ಇದೆ. ಮೋಲ್ಡ್ ಆಗಸ್ಟ್ 31ರೊಳಗೆ ಬೀಳಬೇಕಿತ್ತು, ಬಿದ್ದಿದ್ದು ನವೆಂಬರ್ 14ಕ್ಕೆ. ಮಳೆಗೆ ನಿಂತ ದಿನಗಳನ್ನು ನಾವು ಒಪ್ಪಿದ್ದೇವೆ, ಹಬ್ಬಕ್ಕೆ ಕೆಲಸದವರು ಊರಿಗೆ ಹೋಗಿದ್ದನ್ನೂ ಒಪ್ಪಿದ್ದೇವೆ, ಆದರೆ ಡಿಸೆಂಬರಿನಿಂದ ಈಚೆಗೆ ಮಳೆಯೂ ಇಲ್ಲ, ಹಬ್ಬದ ನೆಪವೂ ಇಲ್ಲ, ಸೈಟಿನಲ್ಲಿ ಮಾತ್ರ ಜನ ಇಲ್ಲ. ಹಾಲ್ ಮತ್ತು ಒಂದು ರೂಮಿನ ಗಾರೆ ಬಿಟ್ಟರೆ ಮುಂದಕ್ಕೆ ಹೋಗಿಲ್ಲ. ಅಡುಗೆಮನೆ ಗೋಡೆಯನ್ನು ಪೈಪಿಗೆ ಅಂತ ಕೊರೆದು ಹಾಗೇ ಬಿಟ್ಟಿದ್ದಾರೆ.

ದುಡ್ಡಿನ ವಿಷಯದಲ್ಲಿ ನಾವು ಎಲ್ಲೂ ತಡ ಮಾಡಿಲ್ಲ. ಅಗ್ರಿಮೆಂಟಿಗೆ 2 ಲಕ್ಷ, ಪಾಯಕ್ಕೆ 4, ಮೋಲ್ಡಿಗೆ 5 ಕೊಟ್ಟಿದ್ದೇವೆ. ಗಾರೆಯ 4 ಲಕ್ಷದಲ್ಲಿ 2 ಲಕ್ಷವನ್ನು ನೀವು ಕೇಳಿದಿರಿ ಅಂತ ಮುಂಗಡವಾಗಿಯೇ ಕೊಟ್ಟೆವು. ಒಟ್ಟು 13 ಲಕ್ಷ, ಎಲ್ಲ ಬ್ಯಾಂಕ್ ಮೂಲಕ. ಇತ್ತ ವಿದ್ಯಾನಗರದ ಬಾಡಿಗೆ ತಿಂಗಳಿಗೆ 11,000, ಅದರ ಮೇಲೆ ಲೋನಿನ ಬಡ್ಡಿ. ಎರಡನ್ನೂ ಒಂದೇ ಸಂಬಳದಲ್ಲಿ ಕಟ್ಟುತ್ತಿದ್ದೇವೆ.

ತಡದಷ್ಟೇ ಕೆಲಸದ ಗುಣಮಟ್ಟದ ಬಗ್ಗೆಯೂ ನನಗೆ ಚಿಂತೆ ಇದೆ. ನವೆಂಬರಿನಲ್ಲಿ ತಂದ ಸಿಮೆಂಟ್ ಚೀಲಗಳು ಹಿಂದಿನ ರೂಮಿನಲ್ಲಿ ನೆಲದ ಮೇಲೇ ಇವೆ, ಕೆಳಗಿನವು ಮುಟ್ಟಿದರೆ ಗಟ್ಟಿ. ಮೂರು ತಿಂಗಳು ಕೂತ ಸಿಮೆಂಟಿನ ಬಲ ಕಡಿಮೆ ಆಗಿರುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗಂಟು ಒಡೆದು, ಜರಡಿ ಹಿಡಿದು ಗಾರೆಗೆ ಹಾಕುವುದು ಬೇಡ, ಹೊಸ ಸಿಮೆಂಟೇ ಬರಬೇಕು. ಮೇಲಿನ ಮಹಡಿಗೆ ಅಂತ ಬಿಟ್ಟ ಕಂಬಿಗಳು ತುಕ್ಕು ಹಿಡಿಯುತ್ತಿವೆ, ಅವನ್ನು ಉಜ್ಜಿ ಸಿಮೆಂಟ್ ಹಾಲು ಬಳಿಸಿ. ಇನ್ನೊಂದು ಮಾತು, ಹೊರಗಿನ ಗಾರೆ ಏಪ್ರಿಲ್‌ಗೆ ಹೋದರೆ ನಮ್ಮ ದಾವಣಗೆರೆ ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ. ಕನಿಷ್ಠ ಏಳು ದಿನ ಚೆನ್ನಾಗಿ ನೀರು ಹಾಕಬೇಕು, ಆಗ ಟ್ಯಾಂಕರಿಗೂ ನಾವೇ ದುಡ್ಡು ಕೊಡಬೇಕಾಗುತ್ತದೆ, ಅಲ್ವಾ?

ಹಾಗಾಗಿ ಇನ್ನು ಮುಂದಿನ ತಾರೀಕುಗಳು ಇವು. ಫೆಬ್ರವರಿ 9, ಸೋಮವಾರದೊಳಗೆ ಈ ಮೇಲ್‌ಗೆ ಬರಹದಲ್ಲೇ ಉತ್ತರ ಕೊಡಿ. 10ಕ್ಕೆ ಮೇಸ್ತ್ರಿ ಮತ್ತು ಕೆಲಸದವರು ಸೈಟಿನಲ್ಲಿ ಇರಬೇಕು. 15ರೊಳಗೆ ಅಡುಗೆಮನೆ, ಬಾತ್‌ರೂಮಿನ ಪೈಪ್ ಮತ್ತು ಗೋಡೆಯೊಳಗಿನ ವೈರಿಂಗ್ ಪೈಪ್. ಒಳಗಿನ ಗಾರೆ ಫೆಬ್ರವರಿ 28, ಹೊರಗಿನದು ಮಾರ್ಚ್ 12. ಬಾತ್‌ರೂಮ್ ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್ ಏಪ್ರಿಲ್ 5ರೊಳಗೆ. ಬಾಗಿಲು, ಕಿಟಕಿ, ವೈರಿಂಗ್ ಏಪ್ರಿಲ್ 20ಕ್ಕೆ, ಪೇಂಟ್ ಮುಗಿಸಿ ಬೀಗದ ಕೈ ಏಪ್ರಿಲ್ 30ಕ್ಕೆ. ಶಾಲೆ ಶುರುವಾಗುವ ಮೊದಲೇ ನಾವು ಮನೆಗೆ ಹೋಗಬೇಕು, ಅದಕ್ಕಿಂತ ಮುಂದಕ್ಕೆ ಹಾಕಲು ಆಗುವುದಿಲ್ಲ.

ಉಳಿದ 8 ಲಕ್ಷ ತಯಾರಿದೆ. ಗಾರೆಯ ಬಾಕಿ 2 ಲಕ್ಷ ಹೊರಗಿನ ಗಾರೆ ಮುಗಿದ ಮೇಲೆ, 3 ಲಕ್ಷ ಟೈಲ್ಸ್ ಆದ ಮೇಲೆ, ಕೊನೆಯ 3 ಲಕ್ಷ ಬೀಗದ ಕೈ ಕೊಟ್ಟ ದಿನ. ಪ್ರತಿ ಹಂತವನ್ನೂ ನಮ್ಮ ಎಂಜಿನಿಯರ್ ನೋಡಿ ಸರಿ ಅಂದ ಮೇಲೇ ಹಣ. ಇನ್ನು ಮುಂಗಡ ಇಲ್ಲ.

ಅಗ್ರಿಮೆಂಟಿನಲ್ಲಿ ಜನವರಿ 31ರವರೆಗೆ ಒಂದು ತಿಂಗಳ ರಿಯಾಯಿತಿ ಇತ್ತು, ಅದೂ ಮುಗಿದಿದೆ. ಆಮೇಲೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ಹಿಡಿಯಬಹುದು ಅಂತ ನೀವೇ ಸಹಿ ಹಾಕಿದ್ದೀರಿ. ಫೆಬ್ರವರಿ 1ರಿಂದ ಅದು ಲೆಕ್ಕಕ್ಕೆ ಬಂದಿದೆ. ಮೇಲಿನ ತಾರೀಕುಗಳನ್ನು ಪೂರ್ತಿ ಉಳಿಸಿಕೊಂಡರೆ ಆ ಹಣವನ್ನು ಬಿಡಲು ನಾವು ಸಿದ್ಧ. ಫೆಬ್ರವರಿ 10ಕ್ಕೆ ಕೆಲಸ ಶುರುವಾಗದಿದ್ದರೆ ಮಾತ್ರ, ಇಲ್ಲಿಯವರೆಗಿನ ಕೆಲಸವನ್ನು ಅಳತೆ ಮಾಡಿಸಿ, ಉಳಿದಿದ್ದನ್ನು ಬೇರೆಯವರಿಂದ ಮಾಡಿಸಿ, ಹೆಚ್ಚಾದ ಖರ್ಚನ್ನು ನಿಮ್ಮಿಂದ ಕೇಳುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇವೆ. ಸುಮ್ನೆ ಹೆದರಿಸಲು ಬರೆದಿದ್ದಲ್ಲ, ಕಾಗದ ಪತ್ರ, ಫೋಟೊ ಎಲ್ಲ ಜೋಡಿಸಿಟ್ಟಿದ್ದೇವೆ.

ಕೆಲಸದವರು ಸಿಗುತ್ತಿಲ್ಲವೋ, ಬೇರೆ ಸೈಟಿನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡಿದೆಯೋ, ಏನಿದ್ದರೂ ಬಾಯಿಬಿಟ್ಟು ಹೇಳಿ. ಭಾನುವಾರ ಬೆಳಿಗ್ಗೆ 10ಕ್ಕೆ ನಾನೂ ನಮ್ಮ ಯಜಮಾನರೂ ಸೈಟಿನಲ್ಲಿ ಇರುತ್ತೇವೆ, ಬನ್ನಿ, ಎದುರಿಗೇ ಮಾತಾಡೋಣ.

ಈ ಮೇಲ್‌ನ ಇಂಗ್ಲಿಷ್ ಪ್ರತಿ ಜೊತೆಗಿದೆ, ನಿಮ್ಮ ಎಂಜಿನಿಯರಿಗೆ ಮತ್ತು ನಮ್ಮ ಬ್ಯಾಂಕಿಗೆ ಅದೇ ಹೋಗಿದೆ. ತಾರೀಕು, ಮೊತ್ತ ಎರಡರಲ್ಲೂ ಒಂದೇ. ಅಗ್ರಿಮೆಂಟ್ ಪ್ರತಿ, ಹಣ ಕಳಿಸಿದ ದಾಖಲೆ ಮತ್ತು ಈ ವಾರದ ಫೋಟೊಗಳನ್ನೂ ಲಗತ್ತಿಸಿದ್ದೇನೆ.

ಇಂತಿ,
ಹದಡಿ ರಸ್ತೆ ಮನೆಯ ಮಾಲೀಕರು